ಗುಂಪುಚಿತ್ರದ ತುದಿಯಲ್ಲಿ ನಿಂತವರು

ಆರತಕ್ಷತೆಯ ವೇದಿಕೆಯ ಮೇಲೆ ತೆಗೆದ ಕುಟುಂಬದ ಗುಂಪುಚಿತ್ರವೊಂದನ್ನು ಊಹಿಸಿಕೊಳ್ಳಿ. 4×6 ಇಂಚಿನ ಪ್ರಿಂಟಿನಲ್ಲಿ ಎಲ್ಲರೂ ಇದ್ದಾರೆ. ಅದೇ ಫೋಟೊವನ್ನು ಗೋಡೆಗೆ ಹಾಕಲೆಂದು 8×10 ಮಾಡಿಸಿದರೆ ಎಡತುದಿಯ ದೊಡ್ಡಪ್ಪನ ಅರ್ಧ ಮೈ ಕಾಣೆ, ಬಲತುದಿಯ ಅತ್ತೆಯ ಒಂದು ತೋಳು ಕಾಣೆ. ಲ್ಯಾಬಿನವರು ಬೇಕೆಂದು ಕತ್ತರಿಸಿದ್ದಲ್ಲ. ಕಾಗದದ ಆಕಾರ ಒಂದು, ಫೋಟೊದ ಆಕಾರ ಇನ್ನೊಂದು. ಎಲ್ಲಿ ಕತ್ತರಿಸಬೇಕೆಂದು ಯಾರೂ ಹೇಳದಿದ್ದಾಗ ಯಂತ್ರ ಚಿತ್ರವನ್ನು ನಡುವಿಗೆ ಕೂರಿಸಿ, ಉಳಿದದ್ದನ್ನು ಎರಡೂ ಬದಿಯಿಂದ ಸಮನಾಗಿ ತೆಗೆದುಬಿಡುತ್ತದೆ. ತುದಿಯಲ್ಲಿ ನಿಂತವರು ಯಾರೆಂದು ಅದಕ್ಕೆ ಗೊತ್ತಿರುವುದಿಲ್ಲ.

ಈ ಹೊಂದಾಣಿಕೆಯಿಲ್ಲದ ಅಳತೆಗಳಿಗೆ ಇತಿಹಾಸವಿದೆ. ಇಂದಿನ ಡಿಎಸ್‌ಎಲ್‌ಆರ್ ಮತ್ತು ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಹೆಚ್ಚಿನವು ಕೊಡುವ ಚಿತ್ರದ ಉದ್ದ, ಅಗಲದ ಒಂದೂವರೆ ಪಟ್ಟು. ಆಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮಿನ ಎರಡು ಚೌಕಟ್ಟುಗಳನ್ನು ಸೇರಿಸಿ 24×36 ಮಿಲಿಮೀಟರಿನ ಒಂದು ಚೌಕಟ್ಟು ಮಾಡಿಕೊಂಡರು. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾದ ಮೂಲಕ ಆ ಅಳತೆ ಜಗತ್ತಿಗೆಲ್ಲ ಹಬ್ಬಿತು. 4×6, 8×12, 12×18 ಪ್ರಿಂಟುಗಳು ಅದೇ ಆಕಾರದವು. ಅವುಗಳಲ್ಲಿ ಏನೂ ಕಳೆದುಹೋಗುವುದಿಲ್ಲ. 8×10 ಮಾತ್ರ ಅದಕ್ಕಿಂತ ಹಳೆಯದು. ಮುಕ್ಕಾಲಿ ಸ್ಟ್ಯಾಂಡಿನ ಮೇಲೆ ಕೂರಿಸುವ ದೊಡ್ಡ ಪೆಟ್ಟಿಗೆ ಕ್ಯಾಮೆರಾಗಳ ಹಾಳೆಯ ಅಳತೆ ಅದು, ಚೌಕಕ್ಕೆ ಹತ್ತಿರ. ಇನ್ನು ಮೊಬೈಲಿನ ಫೋಟೊ ಸಾಮಾನ್ಯವಾಗಿ ನಾಲ್ಕಕ್ಕೆ ಮೂರರ ಆಕಾರದ್ದು. ಅದನ್ನು ಮಾಮೂಲಿ 4×6 ಕಾಗದಕ್ಕೆ ತುಂಬಿಸಿದರೂ ಎತ್ತರದಲ್ಲಿ ಒಂಬತ್ತರಲ್ಲೊಂದು ಪಾಲು ಹೋಗುತ್ತದೆ. ನಿಂತವರ ಪಾದ, ಇಲ್ಲವೇ ಮೈಸೂರು ಪೇಟದ ತುದಿ ಅಲ್ಲಿ ಕಳೆಯುವುದು.

ಮೇಲಿನ ಗುಂಪುಚಿತ್ರವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ ಎಂದರೆ ಅಡ್ಡಕ್ಕೆ 6000, ಎತ್ತರಕ್ಕೆ 4000 ಪಿಕ್ಸೆಲ್. ಒಂದು ಸಾಲಿನಲ್ಲಿ ಹತ್ತು ಜನ ನಿಂತಿದ್ದಾರೆ. ಎಡತುದಿಯಿಂದ ಬಲತುದಿಯವರೆಗೆ 5500 ಪಿಕ್ಸೆಲ್ ತುಂಬಿದ್ದಾರೆ ಎನ್ನೋಣ. ಎತ್ತರವನ್ನೆಲ್ಲ ಉಳಿಸಿಕೊಂಡು 8×10 ಮಾಡಿದರೆ ಅಡ್ಡಕ್ಕೆ ಸಿಗುವುದು 5000 ಪಿಕ್ಸೆಲ್ ಮಾತ್ರ. ಜನರೇ 5500 ಇದ್ದಾರೆ. ಎರಡೂ ತುದಿಯಲ್ಲಿ 250 ಪಿಕ್ಸೆಲ್, ಅಂದರೆ ಹತ್ತಿರ ಹತ್ತಿರ ಅರ್ಧರ್ಧ ಮನುಷ್ಯ, ಹೊರಗೆ ಬೀಳಲೇಬೇಕು. ಕ್ರಾಪ್ ಚೌಕಟ್ಟನ್ನು ಎಡಕ್ಕೆ ಸರಿಸಿದರೆ ದೊಡ್ಡಪ್ಪ ಉಳಿಯುತ್ತಾರೆ, ಆದರೆ ಅತ್ತೆ ಪೂರ್ತಿ ಹೋಗುತ್ತಾರೆ. ಇದು ಕೈಚಳಕದಿಂದ ಬಗೆಹರಿಯುವ ವಿಷಯವಲ್ಲ, ಜಾಗವೇ ಇಲ್ಲ.

ಆಗ ಎರಡು ದಾರಿ ಉಳಿಯುತ್ತವೆ. 8×12ರ ಫ್ರೇಮು ಕೊಂಡರೆ ಒಂದು ಪಿಕ್ಸೆಲ್ ಕೂಡ ಕಳೆಯುವುದಿಲ್ಲ. ಮನೆಯಲ್ಲಿ 8×10ರ ಫ್ರೇಮೇ ಇದ್ದರೆ ಇಡೀ ಫೋಟೊವನ್ನು ಹತ್ತು ಇಂಚಿನ ಅಗಲಕ್ಕೆ ಕೂರಿಸಿ, ಮೇಲೆ ಕೆಳಗೆ ಮುಕ್ಕಾಲು ಇಂಚಿಗಿಂತ ತುಸು ಕಡಿಮೆ ಬಿಳಿ ಅಂಚು ಬಿಡಿಸಬಹುದು. ಲ್ಯಾಬಿನ ತಂತ್ರಾಂಶದಲ್ಲಿ ಇದಕ್ಕೆ ‘ಫಿಟ್’ ಎಂಬ ಆಯ್ಕೆ ಇರುತ್ತದೆ. ಕತ್ತರಿಸಿ ತುಂಬುವುದಕ್ಕೆ ‘ಫಿಲ್’. ಬಿಳಿ ಅಂಚು ಕಂಡರೆ ಗಿರಾಕಿ ಬೇಸರಪಟ್ಟುಕೊಳ್ಳುತ್ತಾರೆಂದು ಅಂಗಡಿಯವರು ಕೇಳದೆಯೇ ಫಿಲ್ ಮಾಡುವುದುಂಟು. ಆದ್ದರಿಂದ ಆರ್ಡರ್ ಕೊಡುವಾಗಲೇ ಬಾಯಿಬಿಟ್ಟು ಹೇಳಬೇಕು. ಅರ್ಧ ಮೈಯ ದೊಡ್ಡಪ್ಪನಿಗಿಂತ ಬಿಳಿ ಅಂಚು ಎಷ್ಟೋ ಮೇಲು.

ಕ್ರಾಪಿಗೆ ಮೊದಲೇ ಗಮನಿಸಬೇಕಾದ ಇನ್ನೊಂದು ನಷ್ಟವಿದೆ. ಫೋಟೊ ಓರೆಯಾಗಿದ್ದರೆ ಅದನ್ನು ನೇರ ಮಾಡುವಾಗ ನಾಲ್ಕು ಮೂಲೆಗಳು ಖಾಲಿ ಬೀಳುತ್ತವೆ. ಆ ಖಾಲಿಯನ್ನು ಬಿಟ್ಟು ಒಳಗೆ ಕತ್ತರಿಸಬೇಕು. ಬರೀ 3 ಡಿಗ್ರಿ ಓರೆ ಸರಿಪಡಿಸಿದರೆ 6000 ಪಿಕ್ಸೆಲ್ ಅಗಲ ಸುಮಾರು 5570ಕ್ಕೆ ಇಳಿಯುತ್ತದೆ. ನಮ್ಮ ಹತ್ತು ಜನರ ಗುಂಪಿಗೆ ಆಗ ಅಕ್ಕಪಕ್ಕ ಉಸಿರಾಡಲೂ ಜಾಗವಿಲ್ಲ. ಹಾಗಾಗಿ ನೇರ ಮಾಡುವ ಕೆಲಸ ಮೊದಲು, ಅಳತೆಗೆ ಕತ್ತರಿಸುವುದು ಆಮೇಲೆ. ಮೂಲ ಫೈಲನ್ನು ಮುಟ್ಟದೆ, ಒಂದೊಂದು ಅಳತೆಗೂ ಬೇರೆ ಪ್ರತಿ ಮಾಡಿಕೊಳ್ಳಬೇಕು. 8×10ಕ್ಕೆ ಕತ್ತರಿಸಿ ಉಳಿಸಿದ ಫೈಲಿನಿಂದ ನಾಳೆ 12×18 ಮಾಡಹೊರಟರೆ, ಹೋದ ಬದಿಗಳು ಹಿಂದಿರುಗುವುದಿಲ್ಲ. ಬದಲಿಗೆ ತಲೆ ಅಥವಾ ಕಾಲಿನ ಕಡೆ ಮತ್ತೊಂದು ಕತ್ತರಿ ಬೀಳುತ್ತದೆ.

ಆಕಾರದ ಲೆಕ್ಕ ಇಷ್ಟು. ಇನ್ನು ಚಿತ್ರ ಎಷ್ಟು ಸ್ಪಷ್ಟವಾಗಿ ಬರುತ್ತದೆ ಎಂಬುದು. ಉಳಿದ ಪಿಕ್ಸೆಲ್ಲುಗಳನ್ನು ಪ್ರಿಂಟಿನ ಇಂಚುಗಳಿಂದ ಭಾಗಿಸಿದರೆ ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಸಿಗುತ್ತದೆಂದು ಗೊತ್ತಾಗುತ್ತದೆ. ಲ್ಯಾಬಿನವರು 300 ಬೇಕೆನ್ನುತ್ತಾರೆ. ಆ ಸಂಖ್ಯೆ ಬಂದದ್ದು ನಮ್ಮ ಕಣ್ಣಿನಿಂದ. ಚೆನ್ನಾಗಿ ಕಾಣುವ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನದ ಅಂತರವನ್ನು ಗುರುತಿಸಬಲ್ಲದು. ಒಂದಡಿ ದೂರದಲ್ಲಿ ಹಿಡಿದ ಪ್ರಿಂಟಿನ ಮೇಲೆ ಆ ಅಂತರ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ತುಸು ಕಡಿಮೆ. ಇಂಚಿಗೆ ಲೆಕ್ಕ ಹಾಕಿದರೆ ಮುನ್ನೂರರ ಆಸುಪಾಸು ಬರುತ್ತದೆ. ಅದೇ ಪ್ರಿಂಟನ್ನು ಎರಡಡಿ ದೂರದಿಂದ ನೋಡಿದರೆ 150 ಸಾಕು. ಕೈಯಲ್ಲಿ ಹಿಡಿದು ನೋಡುವ 4×6ಕ್ಕೆ 300 ಇರಲಿ, ತೊಡೆಯ ಮೇಲೆ ಹರಡಿ ನೋಡುವ ಆಲ್ಬಮಿಗೆ 200 ಇದ್ದರೂ ಕೊರತೆ ಕಾಣುವುದಿಲ್ಲ.

ಕ್ಯಾಮೆರಾದ ಮೂಲ ಫೈಲು ಕೈಯಲ್ಲಿದ್ದರೆ ಈ ಲೆಕ್ಕದಲ್ಲಿ ಸೋಲುವುದು ಕಡಿಮೆ. ನಮ್ಮ ಗುಂಪುಚಿತ್ರ 12×18ಕ್ಕೆ ಹೋದರೂ ಇಂಚಿಗೆ 333 ಪಿಕ್ಸೆಲ್ ಉಳಿದಿರುತ್ತದೆ. ತೊಂದರೆ ಬರುವುದು ವಾಟ್ಸಾಪಿನಲ್ಲಿ ಬಂದ ಫೋಟೊಗಳಿಂದ. ಮಾಮೂಲಿಯಾಗಿ ಕಳಿಸಿದ ಫೋಟೊವನ್ನು ಅದು ಉದ್ದದಲ್ಲಿ ಸುಮಾರು 1600 ಪಿಕ್ಸೆಲ್ಲಿಗೆ ಕುಗ್ಗಿಸುತ್ತದೆ. 4×6ರಲ್ಲಿ ಅದು ಇಂಚಿಗೆ 267, ಚೆನ್ನಾಗಿಯೇ ಬರುತ್ತದೆ. ಆ ಚಂದದ ಪ್ರಿಂಟು ನೋಡಿಯೇ ಮನೆಯವರು 12×18 ಮಾಡಿಸಲು ಹೊರಡುವುದು. ಅಲ್ಲಿ ಇಂಚಿಗೆ 89ಕ್ಕೆ ಇಳಿಯುತ್ತದೆ. ಹತ್ತು ಜನರ ಗುಂಪಿನಲ್ಲಿ ಒಂದೊಂದು ಮುಖದ ಅಗಲ ಐವತ್ತು ಪಿಕ್ಸೆಲ್ ಇದ್ದೀತು. ಅಷ್ಟರಲ್ಲಿ ಕಣ್ಣಿನ ರೆಪ್ಪೆ, ಮೂಗುತಿಯ ಹರಳು ದಾಖಲೇ ಆಗಿರುವುದಿಲ್ಲ. ಫೋಟೊಶಾಪಿನಲ್ಲಿ 72 ಎಂದಿರುವ ಕಡೆ 300 ಎಂದು ಬರೆದರೆ ಸರಿಹೋಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. Resample ಗುರುತು ತೆಗೆದು ಹಾಗೆ ಬರೆದರೆ ಒಂದು ಪಿಕ್ಸೆಲ್ಲೂ ಹೆಚ್ಚುವುದಿಲ್ಲ, ಪ್ರಿಂಟಿನ ಅಳತೆ ಮಾತ್ರ ಕುಗ್ಗುತ್ತದೆ. ಗುರುತು ಇಟ್ಟುಕೊಂಡು ಬರೆದರೆ ತಂತ್ರಾಂಶ ಅಕ್ಕಪಕ್ಕದ ಪಿಕ್ಸೆಲ್ ನೋಡಿ ಊಹೆಯ ಪಿಕ್ಸೆಲ್ಲುಗಳನ್ನು ಸೇರಿಸುತ್ತದೆ. ಅಂಚಿನ ಮೆಟ್ಟಿಲುಗಳು ನಯವಾಗಬಹುದು, ಇಲ್ಲದ ರೆಪ್ಪೆ ಮೂಡುವುದಿಲ್ಲ. ಫೋಟೊ ತೆಗೆದವರಿಂದ ಅದನ್ನು ‘ಡಾಕ್ಯುಮೆಂಟ್’ ರೂಪದಲ್ಲಿ ಮತ್ತೆ ತರಿಸಿಕೊಳ್ಳುವುದೇ ಸರಿಯಾದ ದಾರಿ. ಹಾಗೆ ಕಳಿಸಿದ ಫೈಲು ಕುಗ್ಗುವುದಿಲ್ಲ.

ಆಲ್ಬಮಿನಲ್ಲಿ ಆಕಾರ ಮತ್ತು ಸ್ಪಷ್ಟತೆ ಎರಡೂ ಒಟ್ಟಿಗೆ ಎದುರಾಗುತ್ತವೆ. ಈಗಿನ ಮದುವೆ ಆಲ್ಬಮುಗಳಲ್ಲಿ ಹೆಚ್ಚು ಓಡುವ ಅಳತೆ 12×36, ಅಂದರೆ 12×18ರ ಎರಡು ಪುಟ ಸೇರಿ ಒಂದು ಶೀಟು. ಧಾರೆಯ ಫೋಟೊವನ್ನು ಇಡೀ ಶೀಟಿಗೆ ಹರಡಬೇಕೆಂದು ಎಲ್ಲರಿಗೂ ಆಸೆ. ಫೋಟೊದಲ್ಲಿ ನಟ್ಟನಡುವೆ ವಧೂವರರ ಕೈಗಳು, ತೆಂಗಿನಕಾಯಿ, ಅದರ ಮೇಲೆ ಬೀಳುವ ಹಾಲು. ಎರಡೂ ಬದಿಯಲ್ಲಿ ತಂದೆತಾಯಿ. ಶೀಟಿನ ಆಕಾರ ಮೂರಕ್ಕೆ ಒಂದು. 6000 ಪಿಕ್ಸೆಲ್ ಅಗಲ ಇಟ್ಟುಕೊಂಡರೆ ಎತ್ತರಕ್ಕೆ ಸಿಗುವುದು 2000. ಫೋಟೊದ ಸರಿಯರ್ಧ ಹೊರಗೆ. ಬಾಸಿಂಗದ ತುದಿ ಮೇಲಿನಿಂದ 600ನೇ ಪಿಕ್ಸೆಲ್ಲಿನಲ್ಲಿ, ಕೈಗಳ ಕೆಳಅಂಚು 2800ರಲ್ಲಿ ಇದ್ದರೆ ಇವೆರಡರ ನಡುವೆಯೇ 2200 ಪಿಕ್ಸೆಲ್ ಇದೆ. ಬಾಸಿಂಗ ಉಳಿಸಿದರೆ ಕೈ ಹೋಗುತ್ತದೆ, ಕೈ ಉಳಿಸಿದರೆ ಬಾಸಿಂಗ ಹೋಗುತ್ತದೆ. ಮೇಲಾಗಿ ಶೀಟು ಮಡಚುವ ಗೆರೆ ನಡುವಿನಲ್ಲೇ, 18ನೇ ಇಂಚಿನಲ್ಲಿ ಬರುತ್ತದೆ. ಹಾಲು ಬೀಳುತ್ತಿರುವ ಕೈಗಳ ಮೇಲೆಯೇ ಮಡಿಕೆ.

ಒಳ್ಳೆಯ ಡಿಸೈನರ್ ಇಲ್ಲಿ ಆ ಆಸೆಯನ್ನು ಸ್ವಲ್ಪ ತಗ್ಗಿಸುತ್ತಾರೆ. ಫೋಟೊಕ್ಕೆ ಶೀಟಿನ ಮೂರರಲ್ಲಿ ಎರಡು ಪಾಲು, ಅಂದರೆ 24 ಇಂಚು ಅಗಲ, 12 ಇಂಚು ಎತ್ತರ ಕೊಡುತ್ತಾರೆ. ಈಗ 6000ಕ್ಕೆ 3000 ಪಿಕ್ಸೆಲ್ ಉಳಿಯುತ್ತದೆ. ಮೇಲಿನಿಂದ 500 ಬಿಟ್ಟು 3500ರವರೆಗೆ ಇಟ್ಟುಕೊಂಡರೆ ಬಾಸಿಂಗವೂ ಕೈಗಳೂ ಒಳಗೇ ಇರುತ್ತವೆ. ಇಡೀ ಶೀಟಿಗೆ ಹರಡಿದ್ದರೆ ಇಂಚಿಗೆ 167 ಇರುತ್ತಿದ್ದ ಪಿಕ್ಸೆಲ್ ಈಗ 250ಕ್ಕೆ ಏರುತ್ತದೆ. ಫೋಟೊವನ್ನು ಎಡಕ್ಕೆ ಕೂರಿಸಿದರೆ ಮಡಿಕೆ ಬೀಳುವುದು 4500ನೇ ಪಿಕ್ಸೆಲ್ಲಿನಲ್ಲಿ, ಬಲಕ್ಕೆ ಕೂರಿಸಿದರೆ 1500ರಲ್ಲಿ. ಈ ಎರಡರಲ್ಲಿ ಯಾವ ಕಡೆ ಯಾರ ಮುಖವೂ ಇಲ್ಲ ಎಂದು ನೋಡಿ ಜಾಗ ತೀರ್ಮಾನಿಸಿದರೆ ಆಯಿತು. ಉಳಿದ 12×12ರ ಚೌಕದಲ್ಲಿ ಕೈಗಳ ಹತ್ತಿರದ ಚಿತ್ರವೊಂದನ್ನು ಕೂರಿಸಬಹುದು. ಆದರೆ ಅದನ್ನು ಇದೇ ಫೋಟೊದಿಂದ ಕತ್ತರಿಸಿ ತೆಗೆಯಬಾರದು. ಕೈಗಳ ಭಾಗ 900 ಪಿಕ್ಸೆಲ್ ಇದ್ದರೆ 12 ಇಂಚಿಗೆ ಇಂಚಿಗೆ 75 ಮಾತ್ರ. ಪಕ್ಕದ ಗರಿಗರಿ ಚಿತ್ರದ ಎದುರು ಅದರ ಮಸುಕು ಎದ್ದು ಕಾಣುತ್ತದೆ.

ಶೀಟಿನ ಹೊರಅಂಚನ್ನೂ ನಂಬುವಂತಿಲ್ಲ. ಬೈಂಡಿಂಗ್ ಆದಮೇಲೆ ಆಲ್ಬಮನ್ನು ಸಮ ಮಾಡಲು ಸುತ್ತಲೂ ಸುಮಾರು ಕಾಲು ಇಂಚಿನ ಅರ್ಧದಷ್ಟು ಕತ್ತರಿಸುತ್ತಾರೆ. ಇಂಚಿಗೆ 250ರ ನಮ್ಮ ಫೋಟೊದಲ್ಲಿ ಅದು ಮೂವತ್ತು ಪಿಕ್ಸೆಲ್ ಚಿಲ್ಲರೆ. ಬಾಸಿಂಗದ ಮೇಲೆ ಬಿಟ್ಟ 100 ಪಿಕ್ಸೆಲ್ ಅದನ್ನು ತಡೆದುಕೊಳ್ಳುತ್ತದೆ. ಬಾಸಿಂಗಕ್ಕೆ ಅಂಟಿಸಿ ಕ್ರಾಪ್ ಮಾಡಿದ್ದರೆ ತುದಿ ಕತ್ತರಿಗೆ ಸಿಗುತ್ತಿತ್ತು. ಪೂರ್ತಿ ಚಪ್ಪಟೆಯಾಗಿ ಬಿಚ್ಚಿಕೊಳ್ಳದ, ಪುಸ್ತಕದಂತೆ ಬೈಂಡ್ ಆಗುವ ಆಲ್ಬಮುಗಳಲ್ಲಿ ನಡುವಿನ ಮಡಿಕೆಯೂ ಎರಡೂ ಪುಟಗಳಿಂದ ಒಂದಿಷ್ಟು ನುಂಗುತ್ತದೆ. ಅಲ್ಲಿ ಗೆರೆಯ ಆಚೀಚೆ ಅರ್ಧರ್ಧ ಇಂಚು ಮುಖ, ಕೈ, ಅಕ್ಷರ ಯಾವುದೂ ಇರಬಾರದು.

ಯಾರನ್ನಾದರೂ ಕತ್ತರಿಸಲೇಬೇಕಾದಾಗ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಮುಖ್ಯ. ಮಣಿಕಟ್ಟು, ಮೊಣಕಾಲು, ಹರಡಿನಲ್ಲಿ ಗೆರೆ ಬಿದ್ದರೆ ಅಂಗ ತುಂಡಾದಂತೆ ಕಾಣುತ್ತದೆ. ತೊಡೆಯ ನಡುವೆ, ಸೊಂಟದ ಮೇಲೆ ಬಿದ್ದರೆ ಕಣ್ಣಿಗೆ ಚುಚ್ಚುವುದಿಲ್ಲ.

ಇಷ್ಟೆಲ್ಲ ಪೇಚಾಟ ಫೋಟೊ ತೆಗೆಯುವಾಗಲೇ ಬಹುಪಾಲು ತಪ್ಪುತ್ತದೆ. ಛಾಯಾಗ್ರಾಹಕರು ಎರಡು ಹೆಜ್ಜೆ ಹಿಂದೆ ಸರಿದು ಅದೇ ಹತ್ತು ಜನರನ್ನು 5500ರ ಬದಲು 4600 ಪಿಕ್ಸೆಲ್ಲಿನಲ್ಲಿ ಹಿಡಿದರೆ 8×10ರ 5000ದೊಳಗೆ ಎಲ್ಲರೂ ಬರುತ್ತಾರೆ, ಎರಡೂ ಬದಿ 200 ಪಿಕ್ಸೆಲ್ ಉಳಿಯುತ್ತದೆ. ಹಿಂದೆ ಸರಿದದ್ದರಿಂದ ಆಗುವ ನಷ್ಟ ಏನೂ ಇಲ್ಲವೆನ್ನಬೇಕು: 8×10ರಲ್ಲಿ ಇಂಚಿಗೆ 500 ಪಿಕ್ಸೆಲ್ ಇದ್ದೇ ಇದೆ.

ದೊಡ್ಡ ಪ್ರಿಂಟಿಗೆ ದುಡ್ಡು ಕಟ್ಟುವ ಮೊದಲು ಮಾಡಬಹುದಾದ ಪರೀಕ್ಷೆಯೊಂದಿದೆ. 12×18 ಬೇಕಾಗಿದ್ದರೆ, ಆ ಅಳತೆಗೆ ಹೊಂದಿಸಿದ ಫೈಲಿನಲ್ಲಿ ಮುಖಗಳಿರುವ 4×6 ಇಂಚಿನಷ್ಟು ತುಂಡನ್ನು ಮಾತ್ರ ಕತ್ತರಿಸಿ ಮಾಮೂಲಿ 4×6 ಕಾಗದದ ಮೇಲೆ ಹಾಕಿಸಬೇಕು. ಅದನ್ನು ಫ್ರೇಮು ತೂಗಲಿರುವ ಗೋಡೆಗೆ ಹಿಡಿದು, ಮನೆಯವರು ಕೂರುವ ಜಾಗದಿಂದ ಒಮ್ಮೆ, ಹತ್ತಿರ ಬಂದು ಒಮ್ಮೆ ನೋಡಬೇಕು. ದೊಡ್ಡ ಪ್ರಿಂಟಿನಲ್ಲಿ ಆ ಮುಖಗಳು ಎಷ್ಟು ದೊಡ್ಡದಾಗಿ, ಎಷ್ಟು ಸ್ಪಷ್ಟವಾಗಿ ಬರುತ್ತವೋ ಅಷ್ಟೇ ಆ ತುಂಡಿನಲ್ಲೂ ಇರುತ್ತವೆ.