ಮೆಟ್ಟಿಲಿಗೆ ಎಷ್ಟು ಗೆರೆ?

ಕ್ಯಾಡ್‌ನಲ್ಲಿ ಕೈತೋಟ ಬಿಡಿಸುವಾಗ ದಾರಿಗೆ ಜೋಡಿಗೆರೆ, ಪಾತಿಗೆ ಮುಚ್ಚಿದ ಆಕಾರ, ಗಿಡಕ್ಕೆ ವೃತ್ತ ಸಾಕು. ತೊಡಕಿರುವುದು ಎತ್ತರ ತೋರಿಸುವಲ್ಲಿ.

ಜೇವರ್ಗಿಯ ಒಂದು ಮನೆಯಂಗಳ ಎಂದುಕೊಳ್ಳೋಣ. ಕೆಳಗಿನ ದಾರಿಯ ಮಟ್ಟ +0.00, ಮೇಲಿನ ಅಂಗಳದ್ದು +0.45 ಮೀಟರ್. ಒಂದು ಏರು 15 ಸೆಂ.ಮೀ. ಆದರೆ ಒಟ್ಟು 3 ಏರು. ನಕ್ಷೆಯಲ್ಲಿ ಒಂದೊಂದು ಏರಿಗೂ ಒಂದು ಗೆರೆ. ಹೀಗೆ 30 ಸೆಂ.ಮೀ. ಅಂತರದಲ್ಲಿ 3 ಗೆರೆ ಬರುತ್ತವೆ. ನಡುವೆ ಕಾಲಿಡುವ ಜಾಗ ಎರಡೇ. ಮೂರನೆಯ ಏರು ಹತ್ತಿದರೆ ಅಂಗಳವೇ ಸಿಗುತ್ತದೆ.

ಹಲವರು ಇಲ್ಲಿ 4 ಗೆರೆ ಹಾಕುತ್ತಾರೆ. ಗೌಂಡಿ ಅದರಂತೆ ಕಟ್ಟಿದರೆ ಕೊನೆಯ ಮೆಟ್ಟಿಲು ಅಂಗಳಕ್ಕಿಂತ 15 ಸೆಂ.ಮೀ. ಮೇಲೆ ನಿಂತು ಎಡವಿಸುತ್ತದೆ.

ಬಾಣದ ತುದಿ ಏರುವ ಕಡೆಗಿರಲಿ, ಪಕ್ಕದಲ್ಲಿ UP ಎಂದು ಬರೆಯಿರಿ. ಕೊನೆಗೆ ಗೆರೆಗಳನ್ನು ಎಣಿಸಿ 15ರಿಂದ ಗುಣಿಸಿ. 45 ಬಂದರೆ ನಕ್ಷೆ ಸರಿ.