ಅಪ್ಪನ ಅರ್ಧ ಮಾತು, ಮಗನ ಮುಂದಿನ ಮಾತು

ನಾವು ಇಂದು 'ಕಾದಂಬರಿ' ಎಂದು ಕರೆಯುವ ಸಾಹಿತ್ಯ ಪ್ರಕಾರಕ್ಕೆ ಹೆಸರು ಕೊಟ್ಟ ಕೃತಿಯನ್ನು ಅದರ ಕರ್ತೃ ಮುಗಿಸಲಿಲ್ಲ. 7ನೆಯ ಶತಮಾನದಲ್ಲಿ ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣಭಟ್ಟ ಕಥೆಯ ನಡುವೆಯೇ ತೀರಿಕೊಂಡ. ನಿಂತದ್ದಾದರೂ ಎಲ್ಲಿ? ಒಂದು ಅಧ್ಯಾಯದ ಕೊನೆಯಲ್ಲಲ್ಲ, ಮಾತಿನ ಮಧ್ಯದಲ್ಲಿ. ಕಾದಂಬರಿ ತನ್ನೊಡನೆ ಆಡಿದ ಮಾತನ್ನು ಪತ್ರಲೇಖೆ ಚಂದ್ರಾಪೀಡನಿಗೆ ಹೇಳುತ್ತಿದ್ದಾಳೆ. ಅದನ್ನು ಜಾಬಾಲಿ ಋಷಿ ಹೇಳುತ್ತಿದ್ದಾನೆ. ಋಷಿ ಹೇಳಿದ್ದನ್ನು ಗಿಳಿಯೊಂದು ಶೂದ್ರಕ ರಾಜನಿಗೆ ಒಪ್ಪಿಸುತ್ತಿದೆ. ಇಷ್ಟು ಬಾಯಿ ದಾಟಿ ಬರುತ್ತಿದ್ದ ಮಾತು ಅಲ್ಲೇ ತುಂಡಾಯಿತು.

ಅದನ್ನು ಎತ್ತಿಕೊಂಡವನು ಬಾಣನ ಮಗ. ಅವನನ್ನು ಭೂಷಣಭಟ್ಟನೆಂದೂ ಪುಲಿಂದನೆಂದೂ ಕರೆಯುತ್ತಾರೆ. ಉತ್ತರಭಾಗದ ಮೊದಲಿಗೆ ಅವನು ಕೆಲವು ಪದ್ಯಗಳಲ್ಲಿ ತನ್ನ ಅಳುಕನ್ನು ತೋಡಿಕೊಂಡಿದ್ದಾನೆ. ಅಪ್ಪ ಸ್ವರ್ಗಕ್ಕೆ ಹೋದಾಗ ಅವನ ಮಾತಿನ ಜೊತೆಗೆ ಕಥೆಯೂ ಕಡಿದುಹೋಯಿತು. ಅದು ಅರ್ಧಕ್ಕೇ ನಿಂತಿತೆಂದು ಸಜ್ಜನರು ನೊಂದರು. ಆ ನೋವು ನೋಡಲಾರದೆ ತೊಡಗಿದೆ, ಕವಿಯೆಂಬ ಗರ್ವದಿಂದಲ್ಲ ಎನ್ನುತ್ತಾನೆ. ಗಂಗೆಯನ್ನು ಸೇರಿದ ಸಣ್ಣ ನದಿಗಳೂ ಗಂಗೆಯೇ ಆಗಿ ಸಮುದ್ರ ಮುಟ್ಟುವಂತೆ, ತನ್ನ ಮಾತನ್ನೂ ಅಪ್ಪನ ಪ್ರವಾಹಕ್ಕೆ ಹಾಕಿದ್ದೇನೆ ಎಂಬ ಭಾವ ಇನ್ನೊಂದು ಪದ್ಯದಲ್ಲಿದೆ. ಇನ್ನೊಬ್ಬರ ಕಥೆ ಮುಂದುವರಿಸುವ ಕೆಲಸವನ್ನು ಇದಕ್ಕಿಂತ ಸರಿಯಾಗಿ ಹೇಳಿದ ಮಾತು ನನಗೆ ತಿಳಿದಿಲ್ಲ. ನದಿ ಸೇರುವ ನೀರು ತನ್ನ ಬಣ್ಣ ಬಿಡಬೇಕು, ವೇಗ ಹೊಂದಿಸಿಕೊಳ್ಳಬೇಕು.

ಅದು ಹೇಗೆ ಎಂಬುದನ್ನು ಒಂದು ಸಣ್ಣ ಉದಾಹರಣೆಯಲ್ಲಿ ನೋಡೋಣ. ಇದಕ್ಕೆಂದೇ ಬರೆದ ಅರ್ಧ ಪ್ಯಾರಾ ಇದು:

'ಮಳೆ ನಿಂತಿತು. ಶೀನಪ್ಪ ಕೊಡೆ ಮಡಿಸಿದ. ಬಸ್ಸು ಬರಲಿಲ್ಲ. ಗೊನೆಯ ಕಾಯಿ ಎಣಿಸಿದ, ಮನೆಯಲ್ಲಿ ಎಣಿಸಿದಷ್ಟೇ ಇದ್ದವು. ರಸ್ತೆಯ ಆಚೆ'

ರಸ್ತೆಯ ಆಚೆ ಮಗಳು ಕಾಣಿಸಬೇಕು ಎಂದಿಟ್ಟುಕೊಳ್ಳಿ. ಹೆಚ್ಚಿನವರ ಕೈ ಹೀಗೆ ಓಡುತ್ತದೆ: 'ರಸ್ತೆಯ ಆಚೆ ನಿಂತಿದ್ದ ಮಗಳನ್ನು ಕಂಡೊಡನೆ ಅವನ ಹೃದಯ ವರ್ಣನಾತೀತ ಆನಂದದಿಂದ ತುಂಬಿ ಬಂತು.' ವಾಕ್ಯದಲ್ಲಿ ವ್ಯಾಕರಣದ ತಪ್ಪೇನೂ ಇಲ್ಲ, ಆದರೆ ಬೇರೆ ಯಾರೋ ಬಂದು ಕೂತಂತಿದೆ. ಮೇಲಿನ ಪ್ಯಾರಾದಲ್ಲಿ ಸಂಸ್ಕೃತ ಪದ ಒಂದೂ ಇಲ್ಲ; ಇಲ್ಲಿ ಸಾಲಾಗಿ ಮೂರು. ಅಲ್ಲಿ ಶೀನಪ್ಪನ ಮನಸ್ಸನ್ನು ಯಾರೂ ಹೇಳಿಲ್ಲ. ಕಾಯಿ ಎರಡನೇ ಸಲ ಎಣಿಸಿದ್ದರಲ್ಲೇ ಅವನ ಚಡಪಡಿಕೆ ಗೊತ್ತಾಗುತ್ತದೆ. ಲೇಖಕ ಏನನ್ನು ಬಳಸುತ್ತಾನೆ ಎಂಬುದರಷ್ಟೇ, ಏನನ್ನು ಮುಟ್ಟುವುದೇ ಇಲ್ಲ ಎಂಬುದನ್ನೂ ಗುರುತು ಹಾಕಿಕೊಳ್ಳಬೇಕು.

ಇದನ್ನು ಗಮನಿಸಿದವರು ಇನ್ನೊಂದು ಕಡೆ ಎಡವುತ್ತಾರೆ: 'ರಸ್ತೆಯ ಆಚೆ ಮಗಳು. ನೋಡಿದಳು. ನಕ್ಕಳು. ಶೀನಪ್ಪ ನಕ್ಕ. ಬಸ್ಸು ಬಂತು.' ಸಣ್ಣ ವಾಕ್ಯವೇ ಶೈಲಿಯೆಂದು ಭಾವಿಸಿದ್ದರ ಫಲ. ಮೂಲದ ಪದಗಳನ್ನು ಎಣಿಸಿ ನೋಡಿ: ಎರಡು, ಮೂರು, ಎರಡು, ಆಮೇಲೆ ಆರು. ಮೂರು ಚಿಕ್ಕ ಉಸಿರಾದ ಮೇಲೆ ಒಂದು ದೊಡ್ಡ ಉಸಿರು, ಅದರ ನಡುವೆ ಒಂದು ತಡೆ. ಲಯ ಇರುವುದು ಆ ಏರಿಳಿತದಲ್ಲಿ. ಗಟ್ಟಿಯಾಗಿ ಓದಿದರೆ ಕಿವಿಗೆ ತಾನಾಗಿ ಸಿಗುತ್ತದೆ. ಹಿಂದಿನ ಪುಟವನ್ನು ಕೈಯಲ್ಲಿ ನಕಲು ಮಾಡಿದರೆ ಇನ್ನೂ ಚೆನ್ನಾಗಿ ಸಿಗುತ್ತದೆ.

ನನಗೆ ಒಪ್ಪಿಗೆಯಾದದ್ದು ಇದು: 'ರಸ್ತೆಯ ಆಚೆ ಮಗಳು ನಿಂತಿದ್ದಳು. ಶೀನಪ್ಪ ಕೊಡೆ ಬಿಚ್ಚಿದ. ಮಳೆ ಇರಲಿಲ್ಲ, ಮತ್ತೆ ಮಡಿಸಿದ.' ಹೊಸ ವಸ್ತು ಒಂದನ್ನೂ ತರದೆ, ಮೊದಲೇ ಇದ್ದ ಕೊಡೆಯಿಂದಲೇ ಅವನ ಗಲಿಬಿಲಿ ತೋರಿಸಬಹುದಾಯಿತು.

ಮತ್ತೆ ಬಾಣನ ಮಗನ ಕಡೆಗೆ. ಪೂರ್ವಭಾಗವೇ ಇಡೀ ಕೃತಿಯ ಸುಮಾರು ಮೂರನೇ ಎರಡು ಪಾಲು. ಅಪ್ಪ ಒಂದು ಸರೋವರದ ಮುಂದೆ, ಒಂದು ಕಾಡಿನ ಮುಂದೆ ನಿಂತರೆ ವಿಶೇಷಣದ ಮೇಲೆ ವಿಶೇಷಣ ಪೇರಿಸಿ, ಕ್ರಿಯಾಪದಕ್ಕಾಗಿ ಓದುಗನನ್ನು ಬಹಳ ಹೊತ್ತು ಕಾಯಿಸುತ್ತಿದ್ದ. ಮಗನ ಕೈಯಲ್ಲಿ ವರ್ಣನೆ ತೆಳುವಾಗುತ್ತದೆ, ಕಥೆ ಓಡತೊಡಗುತ್ತದೆ. ಬಿಡಿಸಬೇಕಾದ ಗಂಟುಗಳೆಲ್ಲ ಅವನ ಪಾಲಿಗೇ ಉಳಿದಿದ್ದವಲ್ಲ. ಪದ ಕೂಡಿಸಿದರೂ ನಿಧಾನ ಕೂಡಿಸುವುದು ಕಷ್ಟ. ಬೆಸುಗೆ ಕಾಣುವುದು ಅಲ್ಲಿಯೇ. ಅದು ಅವನಿಗೂ ಗೊತ್ತಿತ್ತು. ಕಾದಂಬರಿ ಎಂದರೆ ಮದ್ಯವೂ ಹೌದು. ಅದನ್ನು ಕುಡಿದು ಮತ್ತರಾದ ಜನಕ್ಕೆ ಬೇರೇನೂ ತಿಳಿಯದು, ಹಾಗಾಗಿ ರಸವಿಲ್ಲದ ನನ್ನ ಮಾತಿನಿಂದ ಮುಂದುವರಿಸಲು ಹೆದರುವುದಿಲ್ಲ ಎಂದಿದ್ದಾನೆ.

10ನೆಯ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ಈ ಕಥೆಯನ್ನು 'ಕರ್ನಾಟಕ ಕಾದಂಬರಿ'ಯಾಗಿ ಕನ್ನಡಕ್ಕೆ ತಂದಾಗ ಅಪ್ಪನ ಭಾಗ, ಮಗನ ಭಾಗ ಎರಡನ್ನೂ ಒಂದೇ ಕೈ ಬರೆಯಿತು. ಆ ಬೆಸುಗೆಯಿಲ್ಲದ ಕಾದಂಬರಿ ಸಿಕ್ಕಿದ್ದು ಕನ್ನಡದ ಓದುಗರಿಗೆ.