ಸಹೋದ್ಯೋಗಿಯ ಮನೆಯಲ್ಲಿ ಸಾವಾದಾಗ ನಾಲ್ಕು ಸಾಲು

ಸಹೋದ್ಯೋಗಿಯ ತಂದೆ ತೀರಿಕೊಂಡ ಸುದ್ದಿ ಆಫೀಸಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಕೂಡಲೇ ‘ಓಂ ಶಾಂತಿ’ಗಳು ಸಾಲುಗಟ್ಟುತ್ತವೆ. ತಪ್ಪೇನಿಲ್ಲ. ಆದರೆ ಪಕ್ಕದ ಮೇಜಿನವರು ಅವರೊಬ್ಬರಿಗೇ ಬೇರೆಯಾಗಿ ಬರೆಯಬೇಕು. ಲೆಕ್ಕಪತ್ರ ವಿಭಾಗದವರಿಗಾದರೆ ಹೀಗೆ:

“ಮೇಡಂ, ಅಪ್ಪಾಜಿ ಹೋದ ಸುದ್ದಿ ಕೇಳಿ ತುಂಬ ಸಂಕಟವಾಯಿತು. ಯುಗಾದಿಗೆ ನಿಮ್ಮ ಮನೆಗೆ ಬಂದಿದ್ದಾಗ ಗೇಟಿನವರೆಗೂ ಬಂದು ಕಳಿಸಿಕೊಟ್ಟಿದ್ದರು. 20ರೊಳಗಿನ ಜಿಎಸ್‌ಟಿ ರಿಟರ್ನ್ ನಾನು ನೋಡಿಕೊಳ್ಳುತ್ತೇನೆ, ಸಾಹೇಬರಿಗೂ ಹೇಳಿದ್ದೇನೆ. ಇದಕ್ಕೆ ಉತ್ತರ ಬರೆಯಬೇಕಿಲ್ಲ.”

ನೆನಪು ಒಂದೇ, ಅದೂ ಕಣ್ಣಾರೆ ಕಂಡದ್ದು. ಅವರನ್ನು ನೋಡಿಯೇ ಇರದಿದ್ದರೆ ಆ ಸಾಲು ಬಿಟ್ಟುಬಿಡಿ. ಇಲ್ಲದ ಹೊಗಳಿಕೆ ಮನೆಯವರಿಗೆ ತಕ್ಷಣ ಗೊತ್ತಾಗುತ್ತದೆ. ‘ಏನಾದರೂ ಬೇಕಿದ್ದರೆ ಹೇಳಿ’ ಎಂದರೆ ಕೇಳುವ ಹೊರೆ ಅವರ ಮೇಲೇ ಬೀಳುತ್ತದೆ, ಸಾವಿನ ಮನೆಯಲ್ಲಿದ್ದವರು ಕೇಳುವುದೂ ಇಲ್ಲ. ವಹಿಸಿಕೊಂಡ ಕೆಲಸವನ್ನು ಹೆಸರಿಟ್ಟು ಹೇಳಿದರೆ ಅವರಿಗೆ ಒಂದು ಚಿಂತೆ ಕಳೆಯುತ್ತದೆ. ಹೇಳಿದ ಮೇಲೆ ಮಾಡಲೇಬೇಕು, ಅದು ಬೇರೆ ಮಾತು! ‘ವಯಸ್ಸಾಗಿತ್ತಲ್ಲ ಬಿಡಿ’ ಎಂಬ ಸಮಾಧಾನವೂ ‘ಏನಾಗಿತ್ತು?’ ಎಂಬ ವಿಚಾರಣೆಯೂ ಬೇಡ.

ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಒಮ್ಮೆ ಫೋನ್ ಮಾಡಿ. ಆಫೀಸಿನ ಸುದ್ದಿ ಅವರಾಗಿ ಎತ್ತಿದರೆ ಮಾತ್ರ ಮಾತಾಡಿ.